ಮದುವೆಯ ಮಾರನೇ ಬೆಳಿಗ್ಗೆ: ಹ್ಯಾಂಗೋವರ್‌ಗೆ ಯಾವುದು ಉಪಯೋಗ, ಯಾವುದು ಬರೀ ನಂಬಿಕೆ

ಊರ್ ಕೂಡುವ ರಾತ್ರಿ ಕಳೆದು ಮುಹೂರ್ತದ ಬೆಳಿಗ್ಗೆ ಆದಾಗ, ಕೊಡಗಿನ ಮದುವೆ ಮನೆಯಲ್ಲಿ ಒಂದೇ ಪ್ರಶ್ನೆಗೆ ಹತ್ತು ಉತ್ತರ ಸಿಗುತ್ತವೆ. ತಲೆ ಸಿಡಿಯುತ್ತಿದೆ ಅಂದರೆ ಅಜ್ಜಿ ಮಜ್ಜಿಗೆ ತಂದುಕೊಡುತ್ತಾರೆ. ಅತ್ತೆ ಬೆಲ್ಲದ ಕಾಪಿ ಅನ್ನುತ್ತಾರೆ. ಚಿಕ್ಕಪ್ಪ "ಇನ್ನೊಂದು ಸಣ್ಣ ಪೆಗ್ ಹಾಕು, ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ಇದು ಯಾವುದೂ ಬೇಡ ಅನ್ನುವವರು ನೇರ ನಮ್ಮ ಔಷಧಿ ಅಂಗಡಿಗೆ ಬಂದು, ಮಾತ್ರೆ ಜೊತೆಗೆ ಒಂದು ಬಾಟಲಿ ಲಿವರ್ ಟಾನಿಕ್ ಕೇಳುತ್ತಾರೆ. ಮದುವೆ ಸೀಸನ್‌ನಲ್ಲಿ ಇದು ವಾರ ವಾರವೂ ಇದ್ದದ್ದೇ. ಕೌಂಟರ್‌ನಲ್ಲಿ ನಿಂತು ಎಲ್ಲರಿಗೂ ಅರ್ಧ ನಿಮಿಷದಲ್ಲಿ ಹೇಳಲು ಆಗದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಹ್ಯಾಂಗೋವರ್ ಅನ್ನೇ ವಾಸಿ ಮಾಡುವ ವಸ್ತು ಇವತ್ತಿಗೂ ಇಲ್ಲ. ಅಡುಗೆ ಮನೆಯಲ್ಲೂ ಇಲ್ಲ, ನಮ್ಮ ಅಂಗಡಿಯಲ್ಲೂ ಇಲ್ಲ. ಆದರೆ ಹ್ಯಾಂಗೋವರ್ ಅಂದರೆ ಒಂದೇ ತೊಂದರೆ ಅಲ್ಲ, ನಾಲ್ಕೈದು ಸೇರಿದ್ದು. ಅದರಲ್ಲಿ ಕೆಲವಕ್ಕೆ ಒಳ್ಳೆಯ ಉಪಾಯ ಇದೆ. ಹಾಗಾಗಿ "ಯಾವ ಮದ್ದು ಒಳ್ಳೇದು" ಅಂತ ಕೇಳುವುದಕ್ಕಿಂತ "ನನಗೆ ಈಗ ಜಾಸ್ತಿ ಕಾಡುತ್ತಿರುವುದು ಯಾವುದು" ಅಂತ ನೋಡಿಕೊಂಡು ಆರಿಸಬೇಕು.

ರಾತ್ರಿ ಕುಡಿದದ್ದು ಬೆಳಿಗ್ಗೆ ಯಾಕೆ ಕಾಡುತ್ತದೆ

ಒಂದು ಲೆಕ್ಕ ಹಾಕೋಣ. 70 ಕೆಜಿ ತೂಕದ ಗಂಡಸು ಅಂತ ಇಟ್ಟುಕೊಳ್ಳಿ. ರಾತ್ರಿ 8 ಗಂಟೆಗೆ ಶುರು ಮಾಡಿ, ಮಾತಾಡುತ್ತಾ, ವಾಲಗಕ್ಕೆ ಕುಣಿಯುತ್ತಾ, 12 ಗಂಟೆ ಹೊತ್ತಿಗೆ ನಾಲ್ಕು ಲಾರ್ಜ್ ರಮ್ ಮುಗಿಸಿದ. ಅಂದರೆ 240 ಎಂಎಲ್, ಒಂದು ಕ್ವಾರ್ಟರ್ ಮತ್ತು ಅದರ ಮೇಲೊಂದು ಲಾರ್ಜ್. ನಮ್ಮಲ್ಲಿ ರಮ್, ವಿಸ್ಕಿ, ಬ್ರಾಂದಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8 ಪರ್ಸೆಂಟ್ ಅಂತ ಇರುತ್ತದೆ. ಹಾಗಾಗಿ ಅವನ ಮೈಗೆ ಸೇರಿದ ಶುದ್ಧ ಆಲ್ಕೋಹಾಲ್ ಸುಮಾರು 81 ಗ್ರಾಂ. ಇಷ್ಟೂ ರಕ್ತಕ್ಕೆ ಸೇರಿದರೆ 100 ಎಂಎಲ್ ರಕ್ತದಲ್ಲಿ ಸುಮಾರು 170 ಮಿಲಿಗ್ರಾಂ ಲೆಕ್ಕ ಬರುತ್ತದೆ. ಲಿವರ್ ಇದನ್ನು ತನ್ನದೇ ವೇಗದಲ್ಲಿ ಕಳೆಯುತ್ತದೆ, ಗಂಟೆಗೆ ಹೆಚ್ಚುಕಮ್ಮಿ 15 ಮಿಲಿಗ್ರಾಂ. ಹಾಗಾದರೆ ಸೊನ್ನೆ ಮುಟ್ಟಲು 11 ಗಂಟೆಗೂ ಜಾಸ್ತಿ ಬೇಕು. ಮೊದಲ ಪೆಗ್‌ನಿಂದ ಎಣಿಸಿದರೆ ಬೆಳಿಗ್ಗೆ 7 ದಾಟುತ್ತದೆ. ಒಬ್ಬರಿಂದೊಬ್ಬರಿಗೆ ಈ ವೇಗ ಬದಲಾಗುತ್ತದೆ, ಊಟ ಮಾಡಿದ್ದರೆ ಏರುವ ಮಟ್ಟ ಕಡಿಮೆ ಇರುತ್ತದೆ. ಆದರೂ ಅಂದಾಜಿಗೆ ಇದು ಸಾಕು. ಹೆಂಗಸರ ಮೈಯಲ್ಲಿ ನೀರಿನ ಅಂಶ ಕಡಿಮೆ, ಹಾಗಾಗಿ ಅಷ್ಟೇ ಕುಡಿದರೂ ಅವರ ರಕ್ತದಲ್ಲಿ ಮಟ್ಟ ಇನ್ನೂ ಜಾಸ್ತಿ ಏರುತ್ತದೆ.

ಈ ಲೆಕ್ಕದಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಹ್ಯಾಂಗೋವರ್ ತೀರಾ ಜೋರಾಗುವುದು ಆಲ್ಕೋಹಾಲ್ ಮೈಯಿಂದ ಹೋಗಿ ಮುಗಿಯುವ ಹೊತ್ತಿಗೆ. ಅದಕ್ಕೇ 5 ಗಂಟೆಗೆ ಎದ್ದಾಗ "ಪರವಾಗಿಲ್ಲ" ಅನ್ನಿಸಿದವನಿಗೆ, ಕುಪ್ಪಸ ಹಾಕಿ ಚೇಲೆ ಕಟ್ಟಿಕೊಳ್ಳುವ ಹೊತ್ತಿಗೆ ತಲೆ ಎತ್ತಲು ಆಗುವುದಿಲ್ಲ. ಎರಡು, ಆ 5 ಗಂಟೆಯಲ್ಲಿ ಅವನ ರಕ್ತದಲ್ಲಿ ಇನ್ನೂ ಸುಮಾರು 35 ಮಿಲಿಗ್ರಾಂ ಇದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30. ನಿದ್ದೆ ಮಾಡಿ ಎದ್ದಿದ್ದೇನೆ ಅಂತ ಜೀಪು ತೆಗೆದು ಸಂಪಾಜೆ ಘಾಟಿ ಇಳಿಯಲು ಹೊರಟರೆ, ಅದು ಕುಡಿದು ಓಡಿಸಿದ ಲೆಕ್ಕವೇ. ಮಟ್ಟ ಸೊನ್ನೆಗೆ ಬಂದ ಮೇಲೂ ಹ್ಯಾಂಗೋವರ್ ಇರುವಾಗ ಕೈಕಾಲು ನಿಧಾನ, ಗಮನ ಕಡಿಮೆ. ಮಂಜು ಮುಸುಕಿದ ತಿರುವಿನಲ್ಲಿ ಅದು ಚಿಕ್ಕ ವಿಷಯ ಅಲ್ಲ.

ಇನ್ನು ತೊಂದರೆ ಎಲ್ಲಿಂದ ಬರುತ್ತದೆ? ಆಲ್ಕೋಹಾಲ್ ಮೂತ್ರವನ್ನು ತಡೆಹಿಡಿಯುವ ಹಾರ್ಮೋನನ್ನು ಅಡಗಿಸುತ್ತದೆ. ಹಾಗಾಗಿ ಕುಡಿದದ್ದಕ್ಕಿಂತ ಜಾಸ್ತಿ ನೀರು ಹೊರಗೆ ಹೋಗುತ್ತದೆ, ಬಾಯಿ ಒಣಗುತ್ತದೆ. ಅದು ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ, ಅದಕ್ಕೆ ಉರಿ, ವಾಕರಿಕೆ. ನಿದ್ದೆ ಬೇಗ ಬರುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಅದು ತುಂಡು ತುಂಡಾಗುತ್ತದೆ. ಲಿವರ್ ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಅನ್ನುವ ವಿಷದ ವಸ್ತುವಾಗಿ ಮಾಡಿ, ಆಮೇಲೆ ಅದನ್ನು ತಟಸ್ಥ ಮಾಡುತ್ತದೆ. ಈ ಗಲಾಟೆಗೆ ದೇಹದ ರೋಗನಿರೋಧಕ ವ್ಯವಸ್ಥೆಯೂ ಎಚ್ಚೆತ್ತು, ಜ್ವರದಲ್ಲಿ ಬಿಡುಗಡೆಯಾಗುವಂಥ ಉರಿಯೂತದ ರಾಸಾಯನಿಕಗಳನ್ನೇ ಬಿಡುತ್ತದೆ. ಮೈಕೈ ನೋವು, ಮಂಕು, ಯಾವುದೂ ಬೇಡ ಅನ್ನಿಸುವುದು, ಇವು ಬರುವುದರಲ್ಲಿ ಅದಕ್ಕೂ ಪಾಲಿದೆ. ಬರೀ ನೀರು ಕುಡಿದರೆ ಎಲ್ಲ ಸರಿಹೋಗದಿರಲು ಕಾರಣ ಇದೇ. ನೀರು ಬಾಯಾರಿಕೆಯನ್ನು ನೀಗಿಸುತ್ತದೆ, ಉರಿಯೂತವನ್ನು ಅಲ್ಲ.

ನಿಜವಾದ ಆಯ್ಕೆ ಇರುವುದು ಹಿಂದಿನ ರಾತ್ರಿ

ಎರಡು ಊಟದ ಕ್ರಮ ಹೋಲಿಸಿ ನೋಡಿ. ಒಂದು, ನಮ್ಮಲ್ಲಿ ನಡೆಯುವ ಕ್ರಮ: ಮೊದಲು ಪೆಗ್, ಜೊತೆಗೆ ಅಲ್ಲೊಂದು ಇಲ್ಲೊಂದು ತುಂಡು ಹುರಿದ ಪಂದಿ, ಕಡಂಬುಟ್ಟು ಪಂದಿಕರಿ ಊಟ ಕೊನೆಗೆ. ಇನ್ನೊಂದು, ಮೊದಲೇ ಹೊಟ್ಟೆ ತುಂಬ ಉಂಡು ಆಮೇಲೆ ಗ್ಲಾಸು ಹಿಡಿಯುವುದು. ಎರಡನೆಯದೇ ಒಳ್ಳೆಯದು, ಅದೂ ಸ್ವಲ್ಪ ಅಲ್ಲ. ಆಲ್ಕೋಹಾಲ್ ಹೀರಿಕೆಯಾಗುವುದು ಹೆಚ್ಚಾಗಿ ಸಣ್ಣ ಕರುಳಿನಲ್ಲಿ. ಹೊಟ್ಟೆಯಲ್ಲಿ ಅನ್ನ, ಮಾಂಸ, ಕೊಬ್ಬು ಇದ್ದರೆ ಅದು ಕೆಳಗೆ ಇಳಿಯುವುದು ನಿಧಾನ. ಲಿವರ್‌ಗೆ ಸಮಯ ಸಿಗುತ್ತದೆ, ರಕ್ತದಲ್ಲಿ ಏರುವ ಎತ್ತರ ಕಡಿಮೆಯಾಗುತ್ತದೆ. ಪಂದಿಕರಿಯ ಕೊಬ್ಬು ಹ್ಯಾಂಗೋವರ್‌ಗೆ ಒಳ್ಳೆಯದು ಅನ್ನುವ ಮಾತಿನಲ್ಲಿ ಸತ್ಯ ಇರುವುದು ಇಷ್ಟೇ: ಪೆಗ್‌ಗಿಂತ ಮುಂಚೆ ತಿಂದರೆ ಉಪಯೋಗ. ಮಾರನೇ ಬೆಳಿಗ್ಗೆ ತಿಂದರೆ ಹೀರಿಕೆ ಎಂದೋ ಮುಗಿದಿರುತ್ತದೆ. ಆ ಹೊತ್ತಿಗೆ ಕಾಚಂಪುಳಿಯ ಹುಳಿ, ಕರಿಮೆಣಸು, ಕೊಬ್ಬು ಎಲ್ಲ ಸೇರಿ ಕೆರಳಿದ ಹೊಟ್ಟೆಯನ್ನು ಇನ್ನಷ್ಟು ಕೆರಳಿಸುತ್ತವೆ. ಮದುವೆ ಮನೆಯವರು ಊಟದ ಟೇಬಲ್ಲನ್ನು ಬಾರಿಗಿಂತ ಒಂದು ಗಂಟೆ ಮುಂಚೆ ತೆರೆದರೆ, ಎಷ್ಟೋ ಜನರ ಬೆಳಿಗ್ಗೆ ಬದಲಾಗುತ್ತದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮುಂದಿನದು ಬಣ್ಣದ ಪ್ರಶ್ನೆ. ಕಪ್ಪು ರಮ್ಮು, ಬ್ರಾಂದಿ ಕುಡಿದರೆ ತಲೆ ಜಾಸ್ತಿ ನೋಯುತ್ತದೆ, ವೋಡ್ಕಾ ಆದರೆ ಏನೂ ಆಗುವುದಿಲ್ಲ ಅನ್ನುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ಹುದುಗುವಾಗ, ಮರದ ಪೀಪಾಯಿಯಲ್ಲಿ ಹಳೆಯದಾಗುವಾಗ ಮದ್ಯದಲ್ಲಿ ಇತರ ರಾಸಾಯನಿಕಗಳೂ ಸೇರುತ್ತವೆ. ಇವಕ್ಕೆ ಕಾಂಜೆನರ್ ಅನ್ನುತ್ತಾರೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಬೂರ್ಬನ್ ವಿಸ್ಕಿಯನ್ನೂ ವೋಡ್ಕಾವನ್ನೂ ಹೋಲಿಸಿದರು. ಕಾಂಜೆನರ್ ಬೂರ್ಬನ್‌ನಲ್ಲಿ 37 ಪಟ್ಟು ಇತ್ತು, ಅದನ್ನು ಕುಡಿದವರಿಗೆ ಹ್ಯಾಂಗೋವರ್ ಜಾಸ್ತಿ ಅನ್ನಿಸಿತು. ಆದರೆ ಮಾರನೇ ದಿನ ಗಮನ ಮತ್ತು ಚುರುಕಿನ ಪರೀಕ್ಷೆಯಲ್ಲಿ ಎರಡೂ ಗುಂಪಿನವರು ಒಂದೇ ಥರ ಹಿಂದೆ ಬಿದ್ದರು. ಅಂದರೆ ವೋಡ್ಕಾ ಕುಡಿದವನಿಗೆ ತಲೆನೋವು ಕಡಿಮೆ ಇರಬಹುದು, ಡ್ರೈವಿಂಗ್ ಮಾತ್ರ ಅಷ್ಟೇ ಕೆಟ್ಟದು.

ನಮ್ಮ ಊರಿನ ಮಟ್ಟಿಗೆ ಇದರಲ್ಲಿ ಇನ್ನೊಂದು ತಿರುವು ಇದೆ. ಇಲ್ಲಿ ಮಾರಾಟವಾಗುವ ಅಗ್ಗದ ರಮ್, ವಿಸ್ಕಿ, ಬ್ರಾಂದಿ ಬಹುಪಾಲು ಕಬ್ಬಿನ ಕಾಕಂಬಿಯಿಂದ ಮಾಡಿ, ಚೆನ್ನಾಗಿ ಶುದ್ಧೀಕರಿಸಿದ ಸ್ಪಿರಿಟ್. ಅದಕ್ಕೆ ಕ್ಯಾರಮೆಲ್ ಬಣ್ಣ, ಪರಿಮಳ ಸೇರಿಸಿರುತ್ತಾರೆ. ಹಾಗಾಗಿ ಗ್ಲಾಸಿನ ಬಣ್ಣ ನೋಡಿ ಕಾಂಜೆನರ್ ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ. ಮನೆಯಲ್ಲಿ ಮಾಡಿದ ವೈನ್‌ಗೂ ಇದೇ ಮಾತು, ಬೇರೆ ಕಾರಣಕ್ಕೆ. ಅದರಲ್ಲಿ ಆಲ್ಕೋಹಾಲ್ ಎಷ್ಟು ಅಂತ ಬಾಟಲಿ ಮೇಲೆ ಬರೆದಿರುವುದಿಲ್ಲ, ಸಿಹಿ ಇರುವುದರಿಂದ ಎಷ್ಟು ಹೋಯಿತು ಅಂತಲೂ ತಿಳಿಯುವುದಿಲ್ಲ. ಬಣ್ಣಕ್ಕಿಂತ ಪ್ರಮಾಣ ನೋಡುವುದೇ ಸರಿ.

ಬಿಯರ್ ಮೊದಲೋ, ಆಮೇಲೋ ಅನ್ನುವ ವಾದವನ್ನು ಬಿಟ್ಟುಬಿಡಿ. 2019ರಲ್ಲಿ ಜರ್ಮನಿಯಲ್ಲಿ 90 ಜನರ ಮೇಲೆ ಬಿಯರ್ ಮತ್ತು ವೈನ್ ಅದಲುಬದಲು ಮಾಡಿ ನೋಡಿದರು. ಕ್ರಮದಿಂದ ಹ್ಯಾಂಗೋವರ್‌ನಲ್ಲಿ ಏನೂ ವ್ಯತ್ಯಾಸ ಬರಲಿಲ್ಲ. ಎಷ್ಟು ಅಮಲೇರಿದೆ ಅಂತ ತಮಗೇ ಅನ್ನಿಸಿತ್ತೋ, ವಾಂತಿ ಆಗಿತ್ತೋ ಇಲ್ಲವೋ, ಅದರ ಮೇಲೆ ಮಾರನೇ ದಿನದ ಸ್ಥಿತಿ ಗೊತ್ತಾಗುತ್ತಿತ್ತು. ಪೆಗ್ ಮಧ್ಯೆ ಮಧ್ಯೆ ಒಂದು ಲೋಟ ನೀರು ಕುಡಿಯುವುದು ಮಾತ್ರ ಒಳ್ಳೆಯ ಅಭ್ಯಾಸ. ಆ ನೀರು ಕುಡಿಯುವಷ್ಟು ಹೊತ್ತು ಮುಂದಿನ ಪೆಗ್ ತಡವಾಗುತ್ತದೆ, ಅದರ ದೊಡ್ಡ ಲಾಭ ಅದೇ.

ಬೆಳಿಗ್ಗೆ ಕೈಗೆ ಸಿಗುವುದರಲ್ಲಿ ಯಾವುದು

ಬಾಯಿ ಒಣಗಿ, ನಿಂತರೆ ತಲೆ ಸುತ್ತಿದ ಹಾಗೆ ಆಗುತ್ತಿದ್ದರೆ, ಅಜ್ಜಿಯ ಮಜ್ಜಿಗೆಯೇ ಗೆಲ್ಲುತ್ತದೆ. ತೆಳ್ಳಗೆ ಮಾಡಿ, ಉಪ್ಪು ಹಾಕಿ, ಖಾರ ಹಾಕದೆ. ನೀರೂ ಸಿಗುತ್ತದೆ, ಉಪ್ಪೂ ಸಿಗುತ್ತದೆ, ಹೊಟ್ಟೆಗೂ ತಂಪು. ನಿಂಬೆ ಶರಬತ್ತು ವಾಕರಿಕೆ ಇಲ್ಲದವರಿಗೆ ಪರವಾಗಿಲ್ಲ. ಆದರೆ ಸಕ್ಕರೆ ಹಾಕದೆ, ಬರೀ ನಿಂಬೆ ಹಿಂಡಿಕೊಂಡು ಖಾಲಿ ಹೊಟ್ಟೆಗೆ ಕುಡಿದರೆ "ಅಮಲು ಇಳಿಯುತ್ತದೆ" ಅನ್ನುವುದು ಸುಳ್ಳು. ಹುಳಿ ಆಲ್ಕೋಹಾಲನ್ನು ಕಡಿಯುವುದಿಲ್ಲ, ಉರಿ ಮಾತ್ರ ಜಾಸ್ತಿ ಮಾಡುತ್ತದೆ. ವಾಂತಿ ಆಗಿದ್ದರೆ ಮಜ್ಜಿಗೆಗಿಂತ ಓಆರ್‌ಎಸ್ ಒಳ್ಳೆಯದು. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು, ಅರ್ಧ ಲೋಟಕ್ಕೆ ಸುರಿದುಕೊಳ್ಳಬಾರದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗಟಗಟ ಕುಡಿದರೆ ಮತ್ತೆ ವಾಂತಿ ಬರುತ್ತದೆ. ಒಂದೆರಡು ಗುಟುಕು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದೆರಡು.

ಬೆಲ್ಲದ ಕಾಪಿಯ ಬಗ್ಗೆ ಕೊಡಗಿನಲ್ಲಿ ಕೂತು ಕೆಟ್ಟದ್ದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಆದರೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಗೊತ್ತಿರಬೇಕು. ಕಾಪಿ ಆಲ್ಕೋಹಾಲನ್ನು ಬೇಗ ಹೊರಹಾಕುವುದಿಲ್ಲ. ಆ ಗಂಟೆಗೆ 15 ಮಿಲಿಗ್ರಾಂ ವೇಗ ಹಾಗೇ ಇರುತ್ತದೆ. ಕಾಪಿ ಕುಡಿದವನಿಗೆ ಎಚ್ಚರ ಬಂದ ಹಾಗೆ ಅನ್ನಿಸುತ್ತದೆ, ಗಾಡಿ ಓಡಿಸುವ ಯೋಗ್ಯತೆ ಬಂದಿರುವುದಿಲ್ಲ. ಆದರೆ ದಿನಾ ಬೆಳಿಗ್ಗೆ 6ಕ್ಕೆ ಕಾಪಿ ಕುಡಿಯುವವರು ಅವತ್ತು 10ರವರೆಗೆ ಕುಡಿಯದೆ ಮಲಗಿದ್ದರೆ, ಆ ತಲೆನೋವಿನಲ್ಲಿ ಒಂದು ಪಾಲು ಕಾಪಿ ತಪ್ಪಿದ್ದರಿಂದಲೇ ಬಂದಿರಬಹುದು. ಅಂಥವರಿಗೆ ಒಂದು ಲೋಟ ಕಾಪಿ ನಿಜವಾಗಿಯೂ ಉಪಯೋಗ. ಒಂದೇ ಷರತ್ತು: ಮೊದಲು ಮಜ್ಜಿಗೆಯೋ, ತಿಂಡಿಯೋ ಹೊಟ್ಟೆಗೆ ಇಳಿಯಲಿ. ನಮ್ಮ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಕೆಫೀನ್ ಸುಮಾರು ಎರಡು ಪಟ್ಟು. ಖಾಲಿ ಹೊಟ್ಟೆಗೆ ಗಟ್ಟಿ ಡಿಕಾಕ್ಷನ್ ಬಿದ್ದರೆ ಎದೆ ಉರಿ, ಕೈ ನಡುಕ ಎರಡೂ ಏರುತ್ತವೆ. ತೆಳ್ಳಗೆ ಕಾಸಿದ ಬೆಲ್ಲದ ಕಾಪಿ ಇಲ್ಲಿ ವಾಸಿ.

ಕೈಕಾಲು ಬಿದ್ದುಹೋದ ಹಾಗೆ, ಬೆವರು, ಸಣ್ಣ ನಡುಕ ಇದ್ದರೆ ಸಕ್ಕರೆ ಕಡಿಮೆಯಾಗಿರಬಹುದು. ಲಿವರ್ ಆಲ್ಕೋಹಾಲ್ ಕಳೆಯುವುದರಲ್ಲಿ ತೊಡಗಿರುವಾಗ ಹೊಸದಾಗಿ ಗ್ಲೂಕೋಸ್ ಮಾಡುವ ಕೆಲಸ ಹಿಂದೆ ಬೀಳುತ್ತದೆ. ರಾತ್ರಿ ಉಣ್ಣದೆ ಮಲಗಿದವರಿಗೆ ಇದು ಜಾಸ್ತಿ. ಇದಕ್ಕೆ ಗಂಜಿ, ಮೆತ್ತಗಿನ ಪಾಪುಟ್ಟು, ಬಾಳೆಹಣ್ಣು, ಯಾವುದಾದರೂ ಆದೀತು. ಹಸಿ ಮೊಟ್ಟೆ ಬೇಕಿಲ್ಲ. ಮೊಟ್ಟೆಯಲ್ಲಿರುವ ಸಿಸ್ಟೀನ್ ವಿಷ ತೆಗೆಯುತ್ತದೆ ಅನ್ನುತ್ತಾರೆ, ಆದರೆ ತಿಂಡಿಗೆ ತಿನ್ನುವ ಒಂದೆರಡು ಮೊಟ್ಟೆಯಿಂದ ಹ್ಯಾಂಗೋವರ್ ಇಳಿದದ್ದಕ್ಕೆ ಪುರಾವೆ ಇಲ್ಲ. ಶುಗರ್ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಇಂಥ ನಡುಕವನ್ನು ಸುಮ್ನೆ ಹ್ಯಾಂಗೋವರ್ ಅಂತ ಬಿಡಬೇಡಿ. ಮೊದಲು ಶುಗರ್ ಚೆಕ್ ಮಾಡಿ.

ಇನ್ನು ಮಾತ್ರೆ. ಇಲ್ಲಿ ನಾನು ಗ್ರಾಹಕರ ಜೊತೆ ಅತಿ ಹೆಚ್ಚು ಮಾತಾಡುತ್ತೇನೆ. ತಲೆನೋವಿಗೆ ಎಲ್ಲರೂ ಕೇಳುವುದು 650ರ ಪ್ಯಾರಸಿಟಮಾಲ್. ಅದು ಹೊಟ್ಟೆಗೆ ಮೃದು, ಆದರೆ ಅದನ್ನು ಕರಗಿಸುವುದು ಲಿವರ್. ಅಪರೂಪಕ್ಕೆ ಕುಡಿಯುವ, ಬೇರೆ ಕಾಯಿಲೆ ಇಲ್ಲದ ವ್ಯಕ್ತಿ ತಿಂಡಿ ಆದಮೇಲೆ ಒಂದು ಮಾತ್ರೆ ತೆಗೆದುಕೊಳ್ಳುವುದರಲ್ಲಿ ದೊಡ್ಡ ಅಪಾಯ ಇಲ್ಲ. ದಿನಾ ಕುಡಿಯುವವರ ವಿಷಯ ಬೇರೆ. ಅವರ ಲಿವರ್‌ನಲ್ಲಿ ಪ್ಯಾರಸಿಟಮಾಲನ್ನು ವಿಷವಸ್ತುವಾಗಿ ಬದಲಿಸುವ ಕಿಣ್ವ ಜಾಸ್ತಿ ಇರುತ್ತದೆ. ಆ ವಿಷವನ್ನು ತಡೆಯುವ ಗ್ಲುಟಾಥಯೋನ್ ಕಡಿಮೆ ಇರುತ್ತದೆ. ಊಟ ಸರಿಯಾಗಿ ಮಾಡದವರಿಗೆ ಇನ್ನೂ ಕಡಿಮೆ. ಅವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಐಬುಪ್ರೊಫೆನ್ ಇನ್ನೊಂದು ಆಯ್ಕೆ. ನೋವು ಮತ್ತು ಉರಿಯೂತ ಎರಡಕ್ಕೂ ಅದು ಕೆಲಸ ಮಾಡುತ್ತದೆ. ಆದರೆ ಹೊಟ್ಟೆ ಉರಿ, ಅಲ್ಸರ್, ಕಿಡ್ನಿ ತೊಂದರೆ, ನಿಲ್ಲದ ವಾಂತಿ ಇರುವವರಿಗೆ ಬೇಡವೇ ಬೇಡ. ಹೀಗಾಗಿ ನಾನು ಮೊದಲು ಕೇಳುವುದು, "ಹೊಟ್ಟೆ ಹೇಗಿದೆ? ವಾರಕ್ಕೆ ಎಷ್ಟು ದಿನ ಕುಡಿಯುತ್ತೀರಿ?" ಅಂತ. ಉತ್ತರ ಎರಡಕ್ಕೂ ಕೆಟ್ಟದಿದ್ದರೆ ಎರಡು ಮಾತ್ರೆಯೂ ಕೊಡುವುದಿಲ್ಲ. ಮಲಗುವ ಮುಂಚೆಯೇ, ಅಮಲಿನಲ್ಲಿರುವಾಗ "ಬೆಳಿಗ್ಗೆಗೆ ಮುಂಜಾಗ್ರತೆ" ಅಂತ ಮಾತ್ರೆ ನುಂಗುವುದೂ ತಪ್ಪು. ನೋವು ಬರುವ ಹೊತ್ತಿಗೆ ಅದರ ಪರಿಣಾಮ ಮುಗಿದಿರುತ್ತದೆ. ಬರೀ ಉರಿ ಇದ್ದರೆ ನೋವಿನ ಮಾತ್ರೆ ಬಿಟ್ಟು, ಆಂಟಾಸಿಡ್ ಸಿರಪ್ ಎರಡು ಚಮಚ ಸಾಕು.

ಲಿವರ್ ಟಾನಿಕ್, ಹ್ಯಾಂಗೋವರ್ ಪುಡಿ, ಗಿಡಮೂಲಿಕೆ ಶಾಟ್‌ಗಳು ನಮ್ಮ ಅಂಗಡಿಯಲ್ಲಿ ಚೆನ್ನಾಗಿ ಮಾರಾಟವಾಗುತ್ತವೆ. ಆದರೂ ಇದು ಹೇಳಲೇಬೇಕು. 2022ರ ಶುರುವಿನಲ್ಲಿ ಲಂಡನ್ನಿನ ಸಂಶೋಧಕರು ಲವಂಗದ ಸಾರ, ಕೆಂಪು ಜಿನ್ಸೆಂಗ್, ಕೊರಿಯಾದ ಪೇರ್ ಹಣ್ಣಿನ ರಸ ಮುಂತಾದವುಗಳ ಮೇಲೆ ನಡೆದ 21 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೆಲವು ಸ್ವಲ್ಪ ಉಪಯೋಗ ತೋರಿಸಿದ್ದವು. ಆದರೆ ಪುರಾವೆಯ ಗುಣಮಟ್ಟ ತೀರಾ ಕಳಪೆ, ಯಾವುದನ್ನೂ ನಂಬಿ ಹೇಳುವಂತಿಲ್ಲ ಅಂತ ತೀರ್ಮಾನಿಸಿದರು. ಆ ದುಡ್ಡಿಗೆ ಓಆರ್‌ಎಸ್ ಮತ್ತು ಬಾಳೆಹಣ್ಣು ತೆಗೆದುಕೊಂಡು ಹೋಗಿ ಅಂತಲೇ ನಾನು ಹೇಳುತ್ತೇನೆ.

ತಣ್ಣೀರು ಸ್ನಾನ, ಬೆವರು ಹರಿಯುವ ಹಾಗೆ ತೋಟದಲ್ಲಿ ಕೆಲಸ, ಗಂಟಲಿಗೆ ಬೆರಳು ಹಾಕಿ ವಾಂತಿ, ಇವುಗಳಿಂದ ಬೆಳಿಗ್ಗೆ ಏನೂ ಹೊರಹೋಗುವುದಿಲ್ಲ. ಬೆವರಿನಲ್ಲಿ ಹೋಗುವ ಆಲ್ಕೋಹಾಲ್ ತೀರಾ ಸ್ವಲ್ಪ, ಹೋಗುವ ನೀರು ಮಾತ್ರ ಬಹಳ. ಅದಕ್ಕಿಂತ ಸಾಧ್ಯವಾದರೆ ಇನ್ನೊಂದೆರಡು ಗಂಟೆ ಮಲಗಿ.

ಚಿಕ್ಕಪ್ಪನ ಪೆಗ್

ಇದನ್ನು ಬೇರೆಯಾಗಿ ಹೇಳುವುದಕ್ಕೆ ಕಾರಣ ಇದೆ. ಬೆಳಿಗ್ಗೆ ಒಂದು ಪೆಗ್ ಹಾಕಿದರೆ ಹಾಯೆನಿಸುವುದು ನಿಜ. ಹ್ಯಾಂಗೋವರ್ ಜೋರಾಗುವುದು ಆಲ್ಕೋಹಾಲ್ ಸೊನ್ನೆಗೆ ಇಳಿಯುವಾಗ ಅಂತ ಹೇಳಿದೆನಲ್ಲ, ಹೊಸ ಪೆಗ್ ಆ ಹೊತ್ತನ್ನು ಮುಂದೂಡುತ್ತದೆ. ಕೆಲವು ಮದ್ಯಗಳಲ್ಲಿ ಚೂರು ಇರುವ ಮೆಥನಾಲ್ ವಿಷವಾಗಿ ಬದಲಾಗುವುದನ್ನೂ ಅದು ಸ್ವಲ್ಪ ಹೊತ್ತು ತಡೆಯುತ್ತದೆ. ಆದರೆ ಲೆಕ್ಕ ತೀರುವುದಿಲ್ಲ. ಬೆಳಿಗ್ಗೆ 7ಕ್ಕೆ ಸೊನ್ನೆ ಮುಟ್ಟಬೇಕಾಗಿದ್ದ ಆ 70 ಕೆಜಿಯವನು ಒಂದು ಲಾರ್ಜ್ ಹಾಕಿದರೆ ಇನ್ನೂ 42 ಮಿಲಿಗ್ರಾಂ ಸೇರುತ್ತದೆ. ಅಂದರೆ ಸುಮಾರು ಮೂರು ಗಂಟೆ ಮುಂದಕ್ಕೆ ಹೋಯಿತು. ಮುಹೂರ್ತದ ಹೊತ್ತಿಗೆ ಅಮಲು, ಮಧ್ಯಾಹ್ನದ ಊಟಕ್ಕೆ ತಲೆನೋವು.

ಇಷ್ಟೇ ಆಗಿದ್ದರೆ ಇದನ್ನು ಬರೀ ನಂಬಿಕೆ ಅಂತ ಬಿಟ್ಟುಬಿಡಬಹುದಿತ್ತು. ನನಗೆ ಚಿಂತೆ ಆಗುವುದು ಬೆಳಿಗ್ಗೆ ಪೆಗ್ ಹಾಕದಿದ್ದರೆ ಕೈ ನಡುಗುತ್ತದೆ, ಬೆವರುತ್ತದೆ, ಹಾಕಿದ ಕೂಡಲೇ ನಿಲ್ಲುತ್ತದೆ ಅನ್ನುವವರನ್ನು ಕಂಡಾಗ. ಅದು ಹ್ಯಾಂಗೋವರ್ ಅಲ್ಲ. ದೇಹ ಆಲ್ಕೋಹಾಲ್‌ಗೆ ಒಗ್ಗಿಹೋಗಿ, ಅದು ಸಿಗದಾಗ ತೋರಿಸುವ ಲಕ್ಷಣ. ಅಂಥವರು ಮನೆಯವರ ಒತ್ತಾಯಕ್ಕೆ ಒಂದೇ ದಿನದಲ್ಲಿ ನಿಲ್ಲಿಸಿಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಶುರುವಾಗಬಹುದು, ಜೀವಕ್ಕೂ ಕುತ್ತು. ಬಿಡಲೇಬೇಕು, ಆದರೆ ಡಾಕ್ಟರ್ ಕಣ್ಣಿನಡಿಯಲ್ಲಿ, ಔಷಧಿ ಕೊಡಿಸಿಕೊಂಡು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಮೊದಲು ಮಾತಾಡಿ ನೋಡೋಣ ಅನ್ನುವವರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು, ರಾತ್ರಿಯೇ ಗಮನಿಸಬೇಕಾದದ್ದು. ಕುಡಿದು ಮಲಗಿದವರನ್ನು ಅಲುಗಾಡಿಸಿದರೂ ಏಳದಿದ್ದರೆ, ಉಸಿರಿಗೂ ಉಸಿರಿಗೂ ನಡುವೆ 10 ಸೆಕೆಂಡ್‌ಗಿಂತ ಜಾಸ್ತಿ ಬಿಡುವು ಇದ್ದರೆ, ತುಟಿ ನೀಲಿಗಟ್ಟಿದರೆ, ಮೈ ತಣ್ಣಗಾಗಿದ್ದರೆ, "ನಿದ್ದೆ ಮಾಡಿದರೆ ಸರಿಹೋಗುತ್ತದೆ" ಅಂತ ಬಾಗಿಲು ಹಾಕಿ ಬರಬೇಡಿ. 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ವಾಂತಿ ಬಂದರೆ ಉಸಿರುಗಟ್ಟದ ಹಾಗೆ ಬಾಯಿ ಕೆಳಮುಖವಾಗಿರಲಿ. ಒಬ್ಬರು ಪಕ್ಕದಲ್ಲೇ ಇರಬೇಕು. ಬಾಯಿಗೆ ಮಜ್ಜಿಗೆ, ನಿಂಬೆ, ಕಾಪಿ ಏನೂ ಹಾಕಬೇಡಿ. ಗುರುತಿಲ್ಲದ ಸಾರಾಯಿ ಕುಡಿದವರಿಗೆ ಅರ್ಧ ದಿನ, ಒಂದು ದಿನ ಕಳೆದ ಮೇಲೆ ಕಣ್ಣು ಮಂಜಾಗಿ, ಜೋರಾಗಿ ಹೊಟ್ಟೆ ನೋವು, ಏದುಸಿರು ಶುರುವಾದರೆ ಅದು ಮೆಥನಾಲ್ ವಿಷ ಆಗಿರಬಹುದು. ಆಗಲೂ ಮನೆಮದ್ದು ಹುಡುಕುತ್ತಾ ಕೂರದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರ ಜೊತೆ ಅದೇ ಬಾಟಲಿಯಿಂದ ಕುಡಿದವರನ್ನೂ, ಅವರಿಗೆ ಇನ್ನೂ ಏನೂ ಆಗದಿದ್ದರೂ, ಜೊತೆಗೇ ಕರೆದುಕೊಂಡು ಹೋಗಿ.